ಟೈಲ್ಸ್ ಸಂದಿನ ಹಳದಿ ಕಲೆ

"ಬಚ್ಚಲುಮನೆಯ ಟೈಲ್ಸ್ ಸಂದುಗಳು ಹಳದಿಯಾಗಿವೆ. ಆಸಿಡ್ ಹಾಕಬಹುದೇ? ಟೈಲ್ಸ್ ಹೊಳಪು ಹೋಗಬಾರದು."

ಆಸಿಡ್ ಬೇಡವೇ ಬೇಡ. ಟೈಲ್ಸ್ ಉಳಿದರೂ ಸಂದಿನ ಸಿಮೆಂಟನ್ನು ಅದು ತಿನ್ನುತ್ತದೆ. ಸಂದು ಒರಟಾಗಿ ಮುಂದೆ ಇನ್ನೂ ಬೇಗ ಕೊಳೆ ಹಿಡಿಯುತ್ತದೆ. ಮೂರು ಚಮಚ ಅಡುಗೆ ಸೋಡಾಕ್ಕೆ ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ, ದೋಸೆ ಹಿಟ್ಟಿನಷ್ಟು ಗಟ್ಟಿಯಾಗಿ ಕಲಸಿ. ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಸಂದಿನ ಉದ್ದಕ್ಕೂ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿನಗುಂಟ ಉಜ್ಜಿ ತೊಳೆಯಿರಿ. ತಂತಿ ಬ್ರಷ್ ಮುಟ್ಟಬೇಡಿ, ಗೀರು ಬೀಳುತ್ತದೆ. ಇದರೊಂದಿಗೆ ಬ್ಲೀಚ್ ಅಥವಾ ವಿನೆಗರ್ ಬೆರೆಸಲೂಬೇಡಿ.

ಸಾಬೂನಿನ ಜಿಡ್ಡು, ಕೊಳೆಯಾದರೆ ಉಜ್ಜುವಾಗ ಸಾಮಾನ್ಯವಾಗಿ ನೊರೆ ಕೊಳಕಾಗಿ ಕಲೆ ಬಿಡುತ್ತದೆ. ಎರಡು ಸಲ ಉಜ್ಜಿದರೂ ನೊರೆ ಬೆಳ್ಳಗೇ ಉಳಿದು ಕಲೆ ಹೋಗದಿದ್ದರೆ ಕೊಳವೆಬಾವಿ ನೀರಿನ ಕಬ್ಬಿಣದ ಅಂಶವಿರಬಹುದು. ಸಿಮೆಂಟಿನ ಬದಲು ಎಪಾಕ್ಸಿ ಎಂಬ ರಾಳ ತುಂಬಿದ ಸಂದಾದರೆ ಆ ರಾಳವೇ ಹಳದಿಯಾಗಿರಬಹುದು. ಹಾಗಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕೆತ್ತಿ ಹೊಸದಾಗಿ ತುಂಬಿಸಬೇಕು.