ಕ್ರಮ ಲೆಕ್ಕಕ್ಕೆ ಬರುತ್ತಾ, ಇಲ್ವಾ? ತಿದ್ದುವಾಗ ನಾನು ನೋಡುವುದು

“ಮನೆಪಾಠಕ್ಕೆ ಬರುವ ಪಿಯು ಮಕ್ಕಳು ಕ್ರಮಯೋಜನೆ ಬೇಕಾದ ಕಡೆ ವಿಕಲ್ಪ ಹಾಕ್ತಾರೆ, ವಿಕಲ್ಪ ಬೇಕಾದ ಕಡೆ ಕ್ರಮಯೋಜನೆ. ಉತ್ತರ ತಪ್ಪು ಅಂತ ಗೊತ್ತಾಗುತ್ತೆ. ಎಲ್ಲಿ ತಪ್ಪಿದ್ರು ಅಂತ ತೋರಿಸೋಕೆ ಆಗ್ತಿಲ್ಲ. ತಿದ್ದುವಾಗ ನೀವೆಲ್ಲ ಏನು ನೋಡ್ತೀರಿ?”

ಸರ್, ನಾನು ಮೊದಲು ಸೂತ್ರ ನೋಡುವುದಿಲ್ಲ. ಆ ಲೆಕ್ಕದ ಒಂದೇ ಒಂದು ಫಲಿತವನ್ನು ಹೆಸರು ಹಿಡಿದು ಬರೆಯಲು ಹೇಳುತ್ತೇನೆ. 10 ಜನರಲ್ಲಿ 3 ಜನರ ಸಮಿತಿ ಎಂದಿದ್ದರೆ “ರಮ್ಯಾ, ಸುಮಾ, ಕಿರಣ್” ಎಂದು ಬರೆಯಲಿ. ಆಮೇಲೆ ಎರಡು ಹೆಸರು ಅದಲುಬದಲು ಮಾಡಿಸಿ ಕೇಳುತ್ತೇನೆ: ಈಗ ಸಮಿತಿ ಬೇರೆ ಆಯ್ತಾ? ಇಲ್ಲ, ಅದೇ ಮೂವರು. ಹಾಗಾದರೆ ¹⁰C₃, ಅಂದರೆ 120. ಅದೇ ಹೆಸರುಗಳ ಪಕ್ಕ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಬರೆಸಿ ಮತ್ತೆ ಅದಲುಬದಲು ಮಾಡಿಸಿ. ರಮ್ಯಾಳ ಕುರ್ಚಿಗೆ ಸುಮಾ ಬಂದಳು, ಫಲಿತ ಬೇರೆ ಆಯಿತು. ಈಗ ¹⁰P₃, 720.

ಇಷ್ಟು ನಿಮಗೆ ಗೊತ್ತಿರುವುದೇ. ಉಪಯೋಗಕ್ಕೆ ಬರುವುದು ಮುಂದಿನ ಹೆಜ್ಜೆ. ಹುಡುಗನ ಉತ್ತರವನ್ನೂ ಸರಿ ಉತ್ತರವನ್ನೂ ಒಂದರಿಂದ ಒಂದನ್ನು ಭಾಗಿಸಿ ನೋಡಿ. 720ನ್ನು 120ರಿಂದ ಭಾಗಿಸಿದರೆ 6, ಅದು 3!. ಅಂದರೆ ಒಂದೇ ಸಮಿತಿಯನ್ನು ಅವನು 6 ಸಲ ಎಣಿಸಿದ್ದಾನೆ, ಅಥವಾ 6 ಬೇರೆ ಬೇರೆ ಫಲಿತಗಳನ್ನು ಒಂದೇ ಎಂದು ಎಣಿಸಿದ್ದಾನೆ. 2, 6, 24, 120 ಇವುಗಳಲ್ಲಿ ಯಾವುದಾದರೂ ಬಂದರೆ ಮೊದಲ ಅನುಮಾನ ಕ್ರಮದ ಮೇಲೇ ಇರಲಿ.

ಅರ್ಧ ಕ್ರಮ ಇರುವ ಲೆಕ್ಕದಲ್ಲಿ ಈ ಭಾಗಾಕಾರ ಇನ್ನೂ ಚೆನ್ನಾಗಿ ಮಾತಾಡುತ್ತದೆ. 10 ಜನರಲ್ಲಿ 4 ಜನರ ತಂಡ, ಅದರಲ್ಲಿ ಒಬ್ಬರು ನಾಯಕ ಎಂದುಕೊಳ್ಳಿ. ನಾಯಕನಿಗೆ 10 ದಾರಿ, ಉಳಿದ ಮೂವರಿಗೆ ⁹C₃ = 84, ಒಟ್ಟು 840. ಒಬ್ಬ 5040 ಬರೆದಿದ್ದಾನೆ. 840ರಿಂದ ಭಾಗಿಸಿದರೆ 6. ಅಂದರೆ ನಾಯಕನಲ್ಲದ ಮೂವರನ್ನೂ ಸಾಲಾಗಿ ನಿಲ್ಲಿಸಿದ್ದಾನೆ. ಇನ್ನೊಬ್ಬ 210 ಬರೆದಿದ್ದಾನೆ. 840ನ್ನು 210ರಿಂದ ಭಾಗಿಸಿದರೆ 4. ತಂಡ ಆರಿಸಿದ್ದಾನೆ, ನಾಲ್ವರಲ್ಲಿ ನಾಯಕ ಯಾರು ಎಂದು ಕೇಳುವುದನ್ನೇ ಬಿಟ್ಟಿದ್ದಾನೆ. ಇಬ್ಬರದೂ ತಪ್ಪೇ, ಆದರೆ ಬೇರೆ ಬೇರೆ ತಪ್ಪು. “P ಹಾಕಬಾರದಿತ್ತು, C ಹಾಕಬೇಕಿತ್ತು” ಎಂದು ಕೆಂಪು ಪೆನ್ನಿನಲ್ಲಿ ಬರೆದರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ಮೇಲೆ ಮೇಡಂ ಒಬ್ಬರು “ಆರಿಸು ಅಂತ ಇದ್ರೆ C, ಜೋಡಿಸು ಅಂತ ಇದ್ರೆ P, ಅಷ್ಟೇ ಹೇಳ್ಕೊಡಿ” ಎಂದಿದ್ದಾರೆ. ಮೇಡಂ, ಸುಲಭದ ಲೆಕ್ಕಗಳಿಗೆ ಅದು ನಡೆಯುತ್ತದೆ, ಇಲ್ಲ ಅನ್ನಲ್ಲ. ಆದರೆ “11 ಆಟಗಾರರಲ್ಲಿ ನಾಯಕ, ಉಪನಾಯಕರನ್ನು ಆರಿಸಿ” ಎಂದು ಕೊಟ್ಟರೆ ಆ ಮಗು ¹¹C₂ = 55 ಬರೆದು ಕೂರುತ್ತದೆ. ಉತ್ತರ 110. ಮಾತು ಆರಿಸು ಎಂದೇ ಇದೆ, ಹುದ್ದೆ ಮಾತ್ರ ಎರಡು.

ಉಲ್ಟಾ ಕಡೆಯ ಲೆಕ್ಕ ಇನ್ನೂ ಮೋಸದ್ದು. 1ರಿಂದ 9ರವರೆಗಿನ ಅಂಕಿಗಳಿಂದ, ಎಡದಿಂದ ಬಲಕ್ಕೆ ಏರುತ್ತಾ ಹೋಗುವ 4 ಅಂಕಿಯ ಸಂಖ್ಯೆ ಎಷ್ಟು? “ಸಂಖ್ಯೆ” ಎಂದ ಕೂಡಲೇ ಮಕ್ಕಳು ⁹P₄ = 3024 ಬರೆಯುತ್ತಾರೆ. ಸಂಖ್ಯೆಯಲ್ಲಿ ಕ್ರಮ ಮುಖ್ಯ ತಾನೇ, 2579 ಬೇರೆ, 5279 ಬೇರೆ. ಆದರೆ ಇಲ್ಲಿ 5279 ಲೆಕ್ಕಕ್ಕೇ ಬರುವುದಿಲ್ಲ. 2, 5, 7, 9 ಈ ನಾಲ್ಕು ಅಂಕಿ ಸಿಕ್ಕಿತೆಂದರೆ ಅವು ಕೂರುವ ರೀತಿ ಒಂದೇ. ನಿಯಮವೇ ಕೂರಿಸಿಬಿಟ್ಟಿದೆ. ಹಾಗಾಗಿ ⁹C₄ = 126. ಭಾಗಿಸಿ ನೋಡಿ, 3024ಕ್ಕೂ 126ಕ್ಕೂ ನಡುವೆ ಸರಿಯಾಗಿ 24. ಇಲ್ಲಿಯೂ ಒಂದು ಫಲಿತ ಬರೆಸಿ ಅದಲುಬದಲು ಮಾಡಿಸಿದರೆ ಸಾಕು. ಬದಲಿಸಿದ್ದು “ಬೇರೆ ಫಲಿತ” ಆಗಲಿಲ್ಲ, “ಫಲಿತವೇ ಅಲ್ಲ” ಆಯಿತು ಎಂದು ಮಗುವೇ ಹೇಳುತ್ತದೆ.

ಈಗ ನನಗೆ ಜಾಸ್ತಿ ತಲೆನೋವು ಕೊಡುವ ತಪ್ಪಿಗೆ ಬರುತ್ತೇನೆ. ಇದರಲ್ಲಿ P ಎಲ್ಲೂ ಇರುವುದಿಲ್ಲ, ಬರೀ C. ಆದರೂ ಕ್ರಮ ಕದ್ದು ಒಳಗೆ ಬಂದಿರುತ್ತದೆ. ಲೆಕ್ಕ ಹೀಗೆ: 5 ಮಹಿಳೆಯರು, 4 ಪುರುಷರು. 4 ಜನರ ಸಮಿತಿ ಬೇಕು, ಕನಿಷ್ಠ 2 ಮಹಿಳೆಯರಿರಬೇಕು.

ಹುಡುಗ ಹೀಗೆ ಯೋಚಿಸುತ್ತಾನೆ. ಮೊದಲು 2 ಮಹಿಳೆಯರನ್ನು ಆರಿಸಿಬಿಡೋಣ, ಷರತ್ತು ಮುಗಿಯಿತು, ⁵C₂ = 10. ಉಳಿದ 7 ಜನರಲ್ಲಿ ಯಾರಾದರೂ ಇಬ್ಬರು, ⁷C₂ = 21. ಉತ್ತರ 210. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಷರತ್ತೇ ಇಲ್ಲದೆ 9 ಜನರಲ್ಲಿ 4 ಜನರನ್ನು ಆರಿಸಿದರೂ ⁹C₄ = 126 ಸಮಿತಿ ಮಾತ್ರ. ಷರತ್ತು ಹಾಕಿದ ಮೇಲೆ ಸಮಿತಿಗಳು ಹೆಚ್ಚಾಗುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಉತ್ತರದ ಪಕ್ಕದಲ್ಲೇ ಬರೆದುಬಿಡಿ.

ಸರಿ ಉತ್ತರಕ್ಕೆ ಬಿಡಿಬಿಡಿಯಾಗಿ ಹೋಗಬೇಕು. 2 ಮಹಿಳೆಯರಿದ್ದರೆ 10 × 6 = 60. 3 ಇದ್ದರೆ 10 × 4 = 40. ನಾಲ್ವರೂ ಮಹಿಳೆಯರಾದರೆ 5. ಒಟ್ಟು 105.

ಇಲ್ಲಿ ಎಚ್ಚರ. 210ನ್ನು 105ರಿಂದ ಭಾಗಿಸಿದರೆ 2 ಬರುತ್ತದೆ. “ಓ, 2!, ಎರಡರಿಂದ ಭಾಗಿಸೋದು ಮರೆತಿದ್ದಾನೆ” ಎಂದು ತಿದ್ದಿದರೆ ಕೆಟ್ಟಿತು. ಆ 2 ಬಂದದ್ದು ಬರೀ ಕಾಕತಾಳೀಯ. ಒಂದು ಸಮಿತಿ ಹಿಡಿದು ನೋಡಿ: ರಮ್ಯಾ, ಸುಮಾ, ಗೀತಾ, ಕಿರಣ್. ಹುಡುಗನ ದಾರಿಯಲ್ಲಿ ಇದು ಎಷ್ಟು ಸಲ ಬರುತ್ತದೆ? ಮೊದಲು ರಮ್ಯಾ-ಸುಮಾ, ಆಮೇಲೆ ಗೀತಾ-ಕಿರಣ್. ಮೊದಲು ರಮ್ಯಾ-ಗೀತಾ, ಆಮೇಲೆ ಸುಮಾ-ಕಿರಣ್. ಮೊದಲು ಸುಮಾ-ಗೀತಾ, ಆಮೇಲೆ ರಮ್ಯಾ-ಕಿರಣ್. ಮೂರು ಸಲ. ನಾಲ್ವರೂ ಮಹಿಳೆಯರಿರುವ ಸಮಿತಿ ⁴C₂, ಅಂದರೆ 6 ಸಲ ಬರುತ್ತದೆ. ಇಬ್ಬರೇ ಮಹಿಳೆಯರಿರುವುದು ಮಾತ್ರ ಒಂದೇ ಸಲ. ಕೂಡಿಸಿ: 60 × 1, 40 × 3, 5 × 6. ಅಂದರೆ 60 + 120 + 30 = 210. ಹುಡುಗನ ಉತ್ತರ ಅಷ್ಟಕ್ಕಷ್ಟೇ ಸಿಕ್ಕಿತು.

“ಮೊದಲು ಬಂದವರು”, “ಆಮೇಲೆ ಬಂದವರು” ಎಂಬ ಎರಡು ಪಟ್ಟಿ ಸಮಿತಿಯಲ್ಲಿ ಇಲ್ಲ. ಅದು ಅವನ ಯೋಚನೆಯಲ್ಲಿ ಮಾತ್ರ ಇತ್ತು. ಪ್ರತಿ ಸಮಿತಿಯೂ ಬೇರೆ ಬೇರೆ ಸಲ ಎಣಿಕೆಯಾಗಿರುವುದರಿಂದ ಯಾವ ಸಂಖ್ಯೆಯಿಂದ ಭಾಗಿಸಿದರೂ ಈ ದಾರಿ ಸರಿಹೋಗುವುದಿಲ್ಲ. ನಂಬಿಕೆ ಬರದಿದ್ದರೆ ಪುರುಷರನ್ನು 5 ಮಾಡಿ ನೋಡಿ. ಹುಡುಗನ ದಾರಿಯಲ್ಲಿ 10 × 28 = 280, ಸರಿ ಉತ್ತರ 100 + 50 + 5 = 155. ಭಾಗಿಸಿದರೆ ಪೂರ್ಣಾಂಕವೇ ಬರುವುದಿಲ್ಲ. ನಾನು ಪ್ರಶ್ನೆ ಕೊಡುವಾಗ 4 ಪುರುಷರ ಬದಲು 5 ಕೊಡುವುದು ಇದಕ್ಕೇ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಗೆಳೆಯರು “ನಾನು P ಹಾಕಿದ್ರೂ C ಹಾಕಿದ್ರೂ ಒಂದೇ ಉತ್ತರ ಬರುತ್ತೆ, ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ” ಎಂದು ಬರೆದಿದ್ದಾರೆ. ಅವರು ಹೇಳುತ್ತಿರುವುದು ಸಂಭವನೀಯತೆಯ ಲೆಕ್ಕ, ಇಲ್ಲಿ ಕೇಳಿದ್ದು ಎಣಿಕೆ. ಆದರೂ ಅವರ ಮಾತಿನಲ್ಲಿ ಹುರುಳಿದೆ. ಚೀಲದಲ್ಲಿ 4 ಕೆಂಪು, 3 ಬಿಳಿ ಚೆಂಡು. ಎರಡು ತೆಗೆದರೆ ಒಂದು ಕೆಂಪು, ಒಂದು ಬಿಳಿ ಬರಬೇಕು. ಕ್ರಮ ಬಿಟ್ಟು ಎಣಿಸಿದರೆ 12/21. ಕ್ರಮ ಹಿಡಿದು ಎಣಿಸಿದರೆ 24/42. ಎರಡೂ 4/7. ಮೇಲೆ ಕೆಳಗೆ ಒಂದೇ ರೀತಿ ಎಣಿಸಿದ್ದರೆ ತೊಂದರೆ ಇಲ್ಲ. ಮಕ್ಕಳು ಎಡವುವುದು ಮೇಲೆ 4 × 3 = 12, ಕೆಳಗೆ 7 × 6 = 42 ಬರೆದಾಗ. ಬಿಳಿ ಮೊದಲು, ಕೆಂಪು ಆಮೇಲೆ ಬರುವ 12 ಬಿಟ್ಟುಹೋಗಿ 2/7 ಆಗುತ್ತದೆ. ಹಾಗಾಗಿ ಸಂಭವನೀಯತೆಯ ಉತ್ತರ ತಿದ್ದುವಾಗ ಮೊದಲು ಛೇದ ನೋಡಿ, ಅದರಲ್ಲಿ ಕ್ರಮ ಇದೆಯಾ ಅಂತ. ಆಮೇಲೆ ಅಂಶ ನೋಡಿ.

ಉತ್ತರ ಕೈಲಿಲ್ಲದ ಲೆಕ್ಕವಾದರೆ ಸಂಖ್ಯೆ ಚಿಕ್ಕದು ಮಾಡಿ ಪಟ್ಟಿ ಬರೆಸಿ. ಆದರೆ ತೀರಾ ಚಿಕ್ಕದು ಬೇಡ. ಒಬ್ಬರನ್ನೇ ಆರಿಸುವಂತೆ ಮಾಡಿದರೆ P, C ಎರಡೂ ಒಂದೇ, ತಪ್ಪು ಕಾಣುವುದೇ ಇಲ್ಲ. 4ರಲ್ಲಿ 3 ಒಳ್ಳೆಯ ಅಳತೆ: ವಿಕಲ್ಪವಾದರೆ 4, ಕ್ರಮಯೋಜನೆಯಾದರೆ 24. ಕಲಸಿಹೋಗುವ ಭಯವಿಲ್ಲ. ಪಟ್ಟಿ ಬರೆಯುವ ಮಗು ನಾಲ್ಕು ಸಾಲಿಗೇ ನಿಲ್ಲಿಸುತ್ತದೋ ಮುಂದುವರಿಸುತ್ತದೋ ಎಂದು ಪಕ್ಕದಲ್ಲಿ ಕೂತು ನೋಡಿ. ಅಲ್ಲೇ ಗೊತ್ತಾಗುತ್ತದೆ.

ಇನ್ನು ಕೊನೆಗೆ ಒಬ್ಬರು ತಾಯಿ ಕೇಳಿರುವ ಪುಸ್ತಕದ ಲೆಕ್ಕ. 6 ಬೇರೆ ಬೇರೆ ಪುಸ್ತಕಗಳನ್ನು ಎರಡೆರಡರಂತೆ 3 ಪಾಲು ಮಾಡಬೇಕು, ಮಗಳು 15 ಬರೆದಿದ್ದಾಳೆ, ಗೈಡಿನಲ್ಲಿ 90 ಇದೆ. ಅಮ್ಮ, ನಿಮ್ಮ ಮಗಳು ⁶C₂ × ⁴C₂ × ²C₂ = 90 ತೆಗೆದು 3!ರಿಂದ ಭಾಗಿಸಿರಬೇಕು. ಪಾಲುಗಳು ಸುಮ್ನೆ ಮೂರು ಕಟ್ಟುಗಳಾದರೆ ಅವಳೇ ಸರಿ. ಮೂರು ಮಕ್ಕಳಿಗೆ ಕೊಡುವುದಾದರೆ ಯಾವ ಕಟ್ಟು ಯಾರಿಗೆ ಎನ್ನುವುದೂ ಸೇರಿ ಗೈಡ್ ಸರಿ. ನೀವು ಹಾಕಿರುವ ಫೋಟೋದಲ್ಲಿ ಪ್ರಶ್ನೆಯ ಕೊನೆಯ ಸಾಲು ಕತ್ತರಿಸಿಹೋಗಿದೆ. ಅದರಲ್ಲಿ ಯಾರಿಗೆ ಹಂಚುವುದು ಎಂದಿದೆಯಾ ನೋಡಿ ಹಾಕಿ.

ಮೊದಲು ಉತ್ತರಿಸಿದ ಹಿರಿಯ ಸರ್ ಇಂಥ ಪ್ರಶ್ನೆಯಲ್ಲಿ ಏನೂ ಹೇಳದಿದ್ದರೆ ಪಾಲುಗಳನ್ನು ಬೇರೆ ಬೇರೆ ಎಂದೇ ಹಿಡಿಯಬೇಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹೆಸರಿಲ್ಲದ ಕಟ್ಟುಗಳಿಗೆ ನಾವಾಗಿಯೇ ಹೆಸರು ಕೊಡುವುದು ಯಾಕೆ? ಸರ್ ಅವರ ಬಳಿ ಬೇರೆ ಕಾರಣ ಇದ್ದರೆ ಬರೆಯಲಿ. ಅಲ್ಲಿಯವರೆಗೆ ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಎರಡಕ್ಕೂ ಅಂಕ ಕೊಡುತ್ತೇನೆ, ಪಾಲುಗಳನ್ನು ಹೇಗೆ ಹಿಡಿದೆ ಎಂದು ಒಂದು ಸಾಲು ಬರೆದಿದ್ದರೆ.