ಬಾಡಿಗೆ ತಾರೀಕು ಬದಲಿಸಲು ಓನರ್‌ಗೆ ಪತ್ರ

"ಸಂಬಳ 1ರ ಬದಲು 7ಕ್ಕೆ ಬರ್ತಿದೆ. ಬಾಡಿಗೆ 5ಕ್ಕೆ ಕೊಡಬೇಕು. ಓನರ್‌ಗೆ ಹೇಗೆ ಬರೆಯಲಿ?"

7 ಬೇಡ, 10ನೇ ತಾರೀಕು ಕೇಳಿ. 7 ಭಾನುವಾರ ಬಂದರೆ ಸಂಬಳ ಮತ್ತೆ ತಡ ಆಗಬಹುದು ಅಲ್ವಾ? ಪತ್ರ ಇಷ್ಟಿದ್ದರೆ ಸಾಕು:

"ಸರ್, ಈ ತಿಂಗಳಿಂದ ನಮ್ಮ ಕಂಪನಿಯಲ್ಲಿ ಸಂಬಳ 7ಕ್ಕೆ ಹಾಕುತ್ತಿದ್ದಾರೆ. ಕಂಪನಿಯ ಪತ್ರ ಜೊತೆಗಿದೆ. ಮುಂದಿನ ತಿಂಗಳಿಂದ ಬಾಡಿಗೆಯನ್ನು 5ರ ಬದಲು 10ರೊಳಗೆ ಕೊಡಲು ದಯವಿಟ್ಟು ಒಪ್ಪಿಗೆ ಕೊಡಿ. ಬಾಡಿಗೆ, ಅಡ್ವಾನ್ಸ್, ಉಳಿದ ಷರತ್ತು ಯಾವುದೂ ಬದಲಾಗುವುದಿಲ್ಲ."

ಈ ತಿಂಗಳದ್ದನ್ನು ಹೇಗಾದರೂ ಹೊಂದಿಸಿ 5ಕ್ಕೇ ಕೊಟ್ಟುಬಿಡಿ. ಓನರ್ ಆ ದುಡ್ಡಲ್ಲೇ ಇಎಂಐ ಕಟ್ಟುತ್ತಿರಬಹುದು, ಅವರಿಗೂ ಟೈಮ್ ಬೇಕು. "ಆಯ್ತು ಬಿಡಿ" ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಸುಮ್ನೆ ಕೂರಬೇಡಿ. ತಡವಾದರೆ ದಂಡ ಅಂತ ಅಗ್ರಿಮೆಂಟಲ್ಲಿದ್ದರೆ ಆಮೇಲೆ ತಕರಾರು. ಪತ್ರದ ಕೆಳಗೆ ಇಬ್ಬರೂ ಸಹಿ ಹಾಕಿ, ಒಂದು ಪ್ರತಿಯನ್ನು ಅಗ್ರಿಮೆಂಟ್‌ಗೆ ಪಿನ್ ಮಾಡಿಡಿ.