ಓಆರ್‌ಎಸ್ ಕೊಟ್ಟರೂ ಭೇದಿ ನಿಲ್ಲದಿದ್ದರೆ?

"ಮಗುವಿಗೆ ಬೆಳಿಗ್ಗೆಯಿಂದ ಓಆರ್‌ಎಸ್ ಕುಡಿಸ್ತಿದ್ದೀನಿ, ಭೇದಿ ನಿಂತಿಲ್ಲ. ಇನ್ನೂ ಯಾಕೆ ಕೊಡಬೇಕು?"

ಅದು ಭೇದಿ ನಿಲ್ಲಿಸುವುದಕ್ಕಲ್ಲ, ಹೋದ ನೀರನ್ನು ತುಂಬುವುದಕ್ಕೆ. ಭೇದಿಯ ನಡುವೆಯೂ ಕರುಳು ಗ್ಲೂಕೋಸ್ ಮತ್ತು ಉಪ್ಪನ್ನು ಜೊತೆಯಾಗಿ ಎಳೆದುಕೊಳ್ಳುತ್ತದೆ, ನೀರು ಅವುಗಳ ಹಿಂದೆಯೇ ಒಳಗೆ ಹೋಗುತ್ತದೆ. ಸುಮ್ನೆ ರುಚಿಗೆಂದು ಸಕ್ಕರೆ ಸೇರಿಸಬೇಡಿ, ಭೇದಿ ಇನ್ನೂ ಜಾಸ್ತಿಯಾಗುತ್ತದೆ.

ನೀರಿನ ಕೊರತೆ ಎಷ್ಟಿದೆ ಎಂದು ತಿಳಿಯಲು ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಿ. ಅದು ನಿಧಾನವಾಗಿ ಮರಳುತ್ತಿದ್ದು, ಕಣ್ಣು ಗುಳಿ ಬಿದ್ದು, ಮಗು ಲೋಟ ಬಿಡದೆ ಕುಡಿಯುತ್ತಿದ್ದರೆ ನೀರಿನ ಕೊರತೆ ಮಧ್ಯಮ ಮಟ್ಟದ್ದು; 10 ಕಿಲೋ ತೂಕದ ಮಗುವಿಗೆ 4 ಗಂಟೆಯಲ್ಲಿ ಸುಮಾರು 750 ಮಿಲಿ ಓಆರ್‌ಎಸ್ ಬೇಕು, ಚಮಚ ಚಮಚವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. ಮಗು ಮಂಕಾಗಿ ಕುಡಿಯಲೂ ಆಗದಿದ್ದರೆ, ಚಿವುಟಿದ ಮಡಿಕೆ 2 ಸೆಕೆಂಡಾದರೂ ಹಾಗೇ ನಿಂತರೆ, ಡ್ರಿಪ್ ಬೇಕಾಗುತ್ತದೆ, ತಕ್ಷಣ ಆಸ್ಪತ್ರೆಗೆ ಹೊರಡಿ.